ಮಷಿನ್ ಯಾರದ್ದು, ಬಿಡಿಭಾಗ ಯಾರ ಕೈಯಲ್ಲಿ?

ಸ್ವಿಟ್ಜರ್‌ಲೆಂಡಿನ ಟ್ಯೂಡರ್ ಕಂಪನಿ 2012ರಲ್ಲಿ ಬ್ಲ್ಯಾಕ್ ಬೇ ಎಂಬ ಡೈವರ್ ವಾಚನ್ನು ಮಾರುಕಟ್ಟೆಗೆ ತಂದಿತು. 2016ರಲ್ಲಿ ಅದೇ ವಾಚು ಸಣ್ಣಪುಟ್ಟ ಬದಲಾವಣೆಗಳೊಂದಿಗೆ ಮತ್ತೆ ಬಂತು. ಡಯಲ್ ಮೇಲಿದ್ದ ಗುಲಾಬಿ ಹೂವಿನ ಚಿಹ್ನೆ ಹೋಗಿ ಗುರಾಣಿಯ ಚಿಹ್ನೆ ಕಾಣಿಸಿಕೊಂಡಿತು. ಕೈಗೆ ಕಟ್ಟಿಕೊಂಡವರಿಗೆ ಇಷ್ಟೇ ವ್ಯತ್ಯಾಸ. ಆದರೆ ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದರೆ ಒಳಗಿರುವುದು ಸಂಬಂಧವೇ ಇಲ್ಲದ ಎರಡು ಮಷಿನ್‌ಗಳು. ಹಳೆಯದರಲ್ಲಿ ಇಟಿಎ 2824. ಇದು ಟ್ಯೂಡರ್ ಮಾಡಿದ್ದಲ್ಲ, ಹೊರಗಿನಿಂದ ಕೊಂಡದ್ದು. ಹೊಸದರಲ್ಲಿ ಎಂಟಿ5602 ಎಂಬ ಸ್ವಂತ ತಯಾರಿ.

ಅಂಗಡಿಯಲ್ಲಿ ಮಾರುವವರು ಎರಡನೆಯದನ್ನೇ ಎತ್ತಿ ಹಿಡಿಯುತ್ತಾರೆ, ಅದಕ್ಕೆ ಕಾರಣವೂ ಇದೆ. ಹಳೆಯದನ್ನು ಕೈಯಿಂದ ಬಿಚ್ಚಿಟ್ಟರೆ ಸುಮಾರು 38 ಗಂಟೆಗೆ ನಿಲ್ಲುತ್ತದೆ. ಹೊಸದು 70 ಗಂಟೆ ಓಡುತ್ತದೆ, ಅಂದರೆ ಶುಕ್ರವಾರ ಸಂಜೆ ಬಿಚ್ಚಿಟ್ಟದ್ದನ್ನು ಸೋಮವಾರ ಬೆಳಿಗ್ಗೆ ಹಾಗೆಯೇ ಕಟ್ಟಿಕೊಳ್ಳಬಹುದು. ಅದರ ಹೇರ್‌ಸ್ಪ್ರಿಂಗ್ ಸಿಲಿಕಾನ್‌ನದು, ಆದ್ದರಿಂದ ಅಯಸ್ಕಾಂತ ಅದನ್ನು ಕಾಡುವುದಿಲ್ಲ. ಆದರೆ ರಿಪೇರಿ ಮಾಡುವವರ ಮೇಜಿನ ಮೇಲೆ ಇದೇ ಎರಡು ವಾಚುಗಳ ಲೆಕ್ಕ ಬೇರೆಯಾಗಿಬಿಡುತ್ತದೆ.

ಇಟಿಎ ಎಂಬುದು ಸ್ವಾಚ್ ಗ್ರೂಪ್‌ಗೆ ಸೇರಿದ ಮಷಿನ್ ಕಾರ್ಖಾನೆ. ಸ್ವಿಸ್ ಉದ್ಯಮದಲ್ಲಿ ಒಬ್ಬರು ಮಷಿನ್ ಮಾಡುವುದು, ಮತ್ತೊಬ್ಬರು ಅದನ್ನು ಕೊಂಡು ತಮ್ಮ ಕೇಸು, ಡಯಲು, ಮುಳ್ಳು ಜೋಡಿಸಿ ಹೆಸರು ಬರೆದು ಮಾರುವುದು ಬಹಳ ಹಿಂದಿನಿಂದಲೂ ನಡೆದುಬಂದ ರೂಢಿ. ಅದರಲ್ಲಿ ಮುಚ್ಚುಮರೆಯೇನೂ ಇರಲಿಲ್ಲ. 2824-2 ಆ ರೂಢಿಯ ಬೆನ್ನೆಲುಬು. 25.6 ಮಿಲಿಮೀಟರ್ ಅಗಲ, 4.6 ಮಿಲಿಮೀಟರ್ ದಪ್ಪ, ಗಂಟೆಗೆ 28,800 ಬಡಿತ. ಇದು ಎಷ್ಟೋ ಬ್ರ್ಯಾಂಡ್‌ಗಳ ವಾಚಿನೊಳಗೆ ದಶಕಗಟ್ಟಲೆ ಕೂತದ್ದರಿಂದ, ಕಸುಬು ಕಲಿತ ರಿಪೇರಿಯವರ ಕೈಗೆ ಇದರ ಪ್ರತಿ ಸ್ಕ್ರೂವಿನ ಜಾಗವೂ ಗೊತ್ತು.

ಇದರಲ್ಲಿ ಸಾಮಾನ್ಯವಾಗಿ ಬರುವ ಒಂದು ಕಾಯಿಲೆಯನ್ನೇ ನೋಡೋಣ. ಆಟೋಮ್ಯಾಟಿಕ್ ವಾಚಿನಲ್ಲಿ ಅರ್ಧಚಂದ್ರಾಕಾರದ ಒಂದು ತೂಕವಿರುತ್ತದೆ, ಅದೇ ರೋಟರ್. ಕೈ ಅಲ್ಲಾಡಿದಾಗ ಅದು ತಿರುಗಿ ಒಳಗಿನ ಮೇನ್‌ಸ್ಪ್ರಿಂಗನ್ನು ಸುತ್ತುತ್ತದೆ. ರೋಟರ್ ಎಡಕ್ಕೆ ತಿರುಗಿದರೂ ಬಲಕ್ಕೆ ತಿರುಗಿದರೂ ಸ್ಪ್ರಿಂಗು ಒಂದೇ ದಿಕ್ಕಿಗೆ ಸುತ್ತಿಕೊಳ್ಳುವಂತೆ ಮಾಡುವ ಕೆಲಸ ರಿವರ್ಸಿಂಗ್ ವೀಲ್ ಎಂಬ ಎರಡು ಪುಟ್ಟ ಚಕ್ರಗಳದು. ನಾವು ಕ್ರೌನ್ ಹಿಡಿದು ಕೀ ಕೊಡುವಾಗ ಈ ಚಕ್ರಗಳು ರೋಟರಿನ ಸಂಪರ್ಕ ಕಡಿದುಕೊಂಡು ಸುಮ್ಮನಿರಬೇಕು. ಒಳಗಿನ ಎಣ್ಣೆ ಒಣಗಿದರೆ, ಕೊಳೆ ಸೇರಿದರೆ ಅವು ಸಂಪರ್ಕ ಕಡಿದುಕೊಳ್ಳುವುದಿಲ್ಲ. ಆಗ ಕ್ರೌನ್ ತಿರುಗಿಸಿದರೆ ಒಳಗೆ ರೋಟರ್ ಕೂಡ ಗರಗರ ಸುತ್ತುತ್ತದೆ. ಹಿಂಬದಿ ಗಾಜಿನದಾಗಿದ್ದರೆ ಕಣ್ಣಿಗೇ ಕಾಣುತ್ತದೆ, ಇಲ್ಲದಿದ್ದರೆ ಅಂಗೈಗೆ ನಡುಕ ತಾಗುತ್ತದೆ. ಹಾಗೆ ಸುತ್ತಲು ಶುರುವಾದ ಮೇಲೆ ಕೀ ಕೊಡುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಮುಂದುವರಿಸಿದರೆ ಹಲ್ಲುಗಳ ಮೇಲೆ ಸಲ್ಲದ ಭಾರ ಬಿದ್ದು ಪಕ್ಕದ ಚಕ್ರಗಳೂ ಸವೆಯುತ್ತವೆ.

ಸರ್ವೀಸ್ ಎಂದರೆ ಮಷಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಜೋಡಿಸುತ್ತ ಎಣ್ಣೆ ಹಾಕುವುದು. ಬ್ಯಾಲೆನ್ಸ್ ವೀಲಿನ ಜ್ಯುವೆಲ್‌ಗಳಿಗೆ ನೀರಿನಂಥ ತೆಳು ಎಣ್ಣೆ, ಕ್ರೌನಿನ ಕಡೆಗೆ ಗ್ರೀಸು, ಹೀಗೆ ಒಂದೊಂದು ಜಾಗಕ್ಕೆ ಒಂದೊಂದು ಬಗೆ. ರಿವರ್ಸಿಂಗ್ ವೀಲನ್ನು ಬಿಚ್ಚಿ ದುರಸ್ತಿ ಮಾಡುವ ಪದ್ಧತಿಯಿಲ್ಲ. ತೊಳೆದು, ಅದಕ್ಕೆಂದೇ ಇರುವ ದ್ರವದಲ್ಲಿ ಅದ್ದಿ ಒಣಗಿಸುತ್ತಾರೆ. ಸವೆದಿದ್ದರೆ ಹೊಸದನ್ನೇ ಹಾಕುತ್ತಾರೆ. 2824ಕ್ಕೆ ಈ ಚಕ್ರ ಬಿಡಿಯಾಗಿ ಸಿಗುತ್ತದೆ, ಹಲವು ಅಂಗಡಿಗಳಲ್ಲಿ ಸಿಗುತ್ತದೆ. ಹಾಗಾಗಿ ಬಿಲ್ಲಿನಲ್ಲಿ ದೊಡ್ಡ ಪಾಲು ಕೂಲಿಯದೇ, ಭಾಗದ್ದಲ್ಲ. ಒಬ್ಬರ ದರ ಹೆಚ್ಚೆನಿಸಿದರೆ ಇನ್ನೊಬ್ಬರನ್ನು ಕೇಳಬಹುದು.

ಎಂಟಿ5602ರ ವಿಷಯದಲ್ಲಿ ಕೇಳಲು ಇನ್ನೊಬ್ಬರಿಲ್ಲ. ಬಿಚ್ಚಿ ತೊಳೆಯುವ ಕೌಶಲ ಹೊರಗಿನ ಒಳ್ಳೆಯ ಕಸುಬುದಾರರಿಗೂ ಇದೆ. ಕಷ್ಟ ಶುರುವಾಗುವುದು ಆಮೇಲೆ. 2824ರಲ್ಲಿ ವೇಗ ಹೆಚ್ಚುಕಡಿಮೆಯಾದರೆ ಒಂದು ಸಣ್ಣ ಕಡ್ಡಿಯನ್ನು ಆಚೀಚೆ ಸರಿಸಿ ಹೊಂದಿಸಬಹುದು. ಎಂಟಿ5602ರಲ್ಲಿ ಆ ಕಡ್ಡಿಯೇ ಇಲ್ಲ. ಬ್ಯಾಲೆನ್ಸ್ ವೀಲಿನ ಮೇಲಿರುವ ಚಿಕ್ಕ ಸ್ಕ್ರೂಗಳನ್ನು ತಿರುಗಿಸಬೇಕು, ಅದಕ್ಕೆ ತಕ್ಕ ಉಪಕರಣ ಬೇಕು. ಉಕ್ಕಿನ ಹೇರ್‌ಸ್ಪ್ರಿಂಗ್ ಸೊಟ್ಟಗಾದರೆ ನುರಿತ ಕೈ ಚಿಮುಟದಿಂದ ನೇರ ಮಾಡೀತು. ಸಿಲಿಕಾನ್ ಸ್ಪ್ರಿಂಗು ಬಾಗುವುದಿಲ್ಲ, ಮುರಿಯುತ್ತದೆ. ಮುರಿದರೆ ಬ್ಯಾಲೆನ್ಸ್ ಸಮೇತ ಹೊಸದು ತರಿಸಬೇಕು, ಅದು ಬರುವುದು ಕಂಪನಿಯ ಅಧಿಕೃತ ಜಾಲದಿಂದ ಮಾತ್ರ. ಅಲ್ಲಿಗೆ ಕೊಟ್ಟರೆ ಕೆಲಸ ಅಚ್ಚುಕಟ್ಟು, ಗ್ಯಾರಂಟಿಯೂ ಇರುತ್ತದೆ. ಆದರೆ ದರ ಅವರು ಹೇಳಿದ್ದು, ಅವಧಿಯೂ ಅವರು ಹೇಳಿದ್ದು.

ಇಷ್ಟಕ್ಕೇ ನಿಲ್ಲಿಸಿದರೆ, ಹೊರಗಿನಿಂದ ಕೊಂಡ ಮಷಿನ್ ಎಂದರೆ ಅಗ್ಗ, ಸ್ವಂತದ್ದೆಂದರೆ ದುಬಾರಿ ಎಂದು ತೀರ್ಮಾನಿಸಬಹುದು. ಆದರೆ ವಿಷಯ ಅಷ್ಟು ಸರಳವಲ್ಲ. 2002ರಲ್ಲಿ ಸ್ವಾಚ್ ಗ್ರೂಪಿನ ಮುಖ್ಯಸ್ಥ ನಿಕೋಲಸ್ ಹಾಯೆಕ್, ಹೊರಗಿನವರಿಗೆ ಅರೆಜೋಡಣೆಯ ಮಷಿನ್ ಮಾರುವುದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಸಾರಿದರು. ತಮ್ಮ ಎದುರಾಳಿಗಳಿಗೆ ತಾವೇ ಏಕೆ ಮಷಿನ್ ಒದಗಿಸಬೇಕು ಎಂಬುದು ಅವರ ವಾದ. ಉದ್ಯಮ ಬೆಚ್ಚಿತು, ಸ್ವಿಸ್ ಸ್ಪರ್ಧಾ ಆಯೋಗ ನಡುವೆ ಬಂತು, ಪೂರೈಕೆ ಒಮ್ಮೆಲೇ ನಿಲ್ಲದೆ ವರ್ಷಗಳ ಮೇಲೆ ಹಂಚಿಹೋಯಿತು. 2015ರ ಕೊನೆಗೆ ಸ್ವಾಚ್ ಗ್ರೂಪು ಬ್ರಿಟನ್ನಿನ ಸಗಟು ವ್ಯಾಪಾರಿಗಳಿಗೆ ಬಿಡಿಭಾಗ ಕೊಡುವುದನ್ನೂ ನಿಲ್ಲಿಸಿತು. ದಶಕಗಳಿಂದ ಆ ಭಾಗಗಳನ್ನೇ ನಂಬಿ ಅಂಗಡಿ ನಡೆಸುತ್ತಿದ್ದ ಕಸುಬುದಾರರಿಗೆ ಇದು ದೊಡ್ಡ ಪೆಟ್ಟು, ಅನ್ಯಾಯದ ಪೆಟ್ಟು ಕೂಡ. ವಾಚು ಕೊಂಡವನ ಆಸ್ತಿ. ಅದರ ಚಕ್ರವೊಂದು ಸವೆದರೆ ಎಲ್ಲಿ ರಿಪೇರಿ ಮಾಡಿಸಬೇಕೆಂಬ ಆಯ್ಕೆಯೂ ಅವನದೇ ಆಗಬೇಕಿತ್ತು.

2824ರ ಮಾಲೀಕರನ್ನು ಈ ಇಕ್ಕಟ್ಟಿನಿಂದ ಬಹುಮಟ್ಟಿಗೆ ಪಾರು ಮಾಡಿದ್ದು ಸೆಲಿಟಾ. ಲಾ ಶೋ-ದ-ಫಾನ್ ಊರಿನ ಈ ಕಂಪನಿ ಮೊದಲು ಇಟಿಎ ಮಷಿನ್‌ಗಳನ್ನೇ ತರಿಸಿ ಜೋಡಿಸಿಕೊಡುತ್ತಿತ್ತು. 2824ರ ಪೇಟೆಂಟ್ ಅವಧಿ ಮುಗಿದಿತ್ತು, ಸೆಲಿಟಾ ಅದೇ ವಿನ್ಯಾಸದ ಮೇಲೆ ಎಸ್‌ಡಬ್ಲ್ಯು200 ಎಂಬ ತನ್ನ ಮಷಿನ್ ತಯಾರಿಸಿತು. ಅಳತೆ ಒಂದೇ, ಬಹಳಷ್ಟು ಭಾಗಗಳು ಪರಸ್ಪರ ಹೊಂದುತ್ತವೆ. ಒಬ್ಬ ತಯಾರಕ ಬಾಗಿಲು ಮುಚ್ಚಿದರೂ ಅದೇ ವಿನ್ಯಾಸವನ್ನು ಇನ್ನೊಬ್ಬ ಮಾಡುತ್ತಿದ್ದರೆ ವಾಚು ಅನಾಥವಾಗುವುದಿಲ್ಲ. ಹೊರಗಿನ ಮಷಿನಿನ ನಿಜವಾದ ಬಲ ಇರುವುದು ಇಲ್ಲಿ.

ಜಪಾನಿನ ಕಡೆ ನೋಡಿದರೆ ಇನ್ನೊಂದು ಚಿತ್ರ. ಸೀಕೊ ತನ್ನ ಮಷಿನ್ ತಾನೇ ಮಾಡುತ್ತದೆ. ಸೀಕೊ 5 ವಾಚುಗಳಲ್ಲಿ ವರ್ಷಗಟ್ಟಲೆ ಇದ್ದ 7ಎಸ್26 ಅಪ್ಪಟ ಸ್ವಂತ ತಯಾರಿ. ಆದರೂ ಅದರ ರಿಪೇರಿ ಯಾರನ್ನೂ ಹೆದರಿಸಿಲ್ಲ, ಏಕೆಂದರೆ ಅದು ಎಲ್ಲೆಲ್ಲೂ ಇತ್ತು. ಅದೇ ಬಳಗದ ಎನ್‌ಎಚ್35 ಎಂಬ ಮಷಿನನ್ನು ಸೀಕೊ ಬೇರೆ ಕಂಪನಿಗಳಿಗೂ ಮಾರುತ್ತದೆ. ಇಡೀ ಎನ್‌ಎಚ್35 ಕೆಲವೇ ಸಾವಿರ ರೂಪಾಯಿಗೆ ಸಿಗುವುದರಿಂದ, ಬಿಚ್ಚಿ ತೊಳೆದು ಎಣ್ಣೆ ಹಾಕುವ ಕೂಲಿಗಿಂತ ಹೊಸ ಮಷಿನ್ನೇ ಅಗ್ಗವಾಗುವುದುಂಟು. ಡಯಲು, ಮುಳ್ಳು ತೆಗೆದು ಹೊಸದರ ಮೇಲೆ ಕೂರಿಸಿ, ಸ್ಟೆಮ್ಮನ್ನು ಕೇಸಿನ ಅಳತೆಗೆ ಕತ್ತರಿಸಿದರೆ ಕೆಲಸ ಮುಗಿಯಿತು.

ಸ್ವಂತ ತಯಾರಿ ಎಂಬ ಮಾತಿನ ಗಡಿಯೂ ಮಸುಕಾಗಿದೆ. ಟ್ಯೂಡರ್ ಮಷಿನ್‌ಗಳನ್ನು ಮಾಡುವ ಕೆನಿಸ್ಸಿ ಎಂಬ ಕಂಪನಿ ಬ್ರೈಟ್ಲಿಂಗ್‌ಗೂ ನಾರ್ಕೇನ್‌ಗೂ ಮಷಿನ್ ಕೊಡುತ್ತದೆ. ಟ್ಯೂಡರಿನ ಕ್ರೋನೊಗ್ರಾಫ್ ವಾಚಿನೊಳಗಿನ ಮಷಿನ್ ಬ್ರೈಟ್ಲಿಂಗಿನ ವಿನ್ಯಾಸ. ಹಾಗಾಗಿ ಕೊಳ್ಳುವವರು ಮಷಿನ್ ಸ್ವಂತದ್ದೇ ಎಂದು ಕೇಳುವುದಕ್ಕಿಂತ, ಅದರ ಭಾಗ ಹೊರಗಿನವರಿಗೆ ಮಾರುತ್ತಾರೆಯೇ, ಎಷ್ಟು ಮಾಡಿದ್ದಾರೆ ಎಂದು ಕೇಳಿದರೆ ಉಪಯೋಗ ಹೆಚ್ಚು.

ಎಷ್ಟು ಮಾಡಿದ್ದಾರೆ ಎಂಬುದು ಎಂಥ ದೊಡ್ಡ ಮಾತೆಂದು ತಿಳಿಯಲು ಬೆಂಗಳೂರಿನ ಎಚ್‌ಎಂಟಿಗಿಂತ ಒಳ್ಳೆಯ ಸಾಕ್ಷಿ ಸಿಗದು. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ವಾಚು ತಯಾರಿ ಆರಂಭಿಸಿದ ಎಚ್‌ಎಂಟಿ, ಸಿಟಿಜನ್ ವಿನ್ಯಾಸವನ್ನೇ ಆಧರಿಸಿದ ಕೀ ಕೊಡುವ ಮಷಿನನ್ನು ಇಲ್ಲೇ ತಯಾರಿಸಿತು. 17 ಜ್ಯುವೆಲ್, ಗಂಟೆಗೆ 18,000 ಬಡಿತದ 0231 ಎಂಬ ಆ ಮಷಿನ್ ಜನತಾದಂಥ ವಾಚುಗಳ ಒಳಗೆ ಮನೆಮನೆ ಸೇರಿತು. ಎಲ್ಲ ಬಗೆಯೂ ಸೇರಿ ಎಚ್‌ಎಂಟಿ ಮಾಡಿದ ವಾಚುಗಳ ಸಂಖ್ಯೆ 10 ಕೋಟಿ ದಾಟಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು.

ಕಂಪನಿ ಮುಚ್ಚಿದರೂ ಜನತಾ ವಾಚು ರಿಪೇರಿಯಾಗುತ್ತಲೇ ಇದೆ. ಕೆಳಗೆ ಬಿದ್ದು ಬ್ಯಾಲೆನ್ಸಿನ ಸ್ಟಾಫ್ ಮುರಿದ ವಾಚು ಬಂದರೆ, ನೀರು ಹೊಕ್ಕು ಡಯಲ್ ಕೆಟ್ಟ ಇನ್ನೊಂದು ಜನತಾ ಡಬ್ಬಿಯಿಂದ ಹೊರಬರುತ್ತದೆ. ಅದರ ಬ್ಯಾಲೆನ್ಸ್ ಇದಕ್ಕೆ ಕೂರುತ್ತದೆ. ಸಣ್ಣ ಸಂಖ್ಯೆಯಲ್ಲಿ ತಯಾರಾದ ಯಾವ ಸ್ವಂತ ಮಷಿನ್‌ಗೂ ಈ ಅನುಕೂಲ ಇಲ್ಲ. ಆದರೆ ಇದಕ್ಕೂ ಒಂದು ಮಿತಿಯಿದೆ. ಹಾಗೆ ಕಿತ್ತುಕೊಂಡ ಭಾಗವೂ ದಶಕಗಳ ಕಾಲ ಓಡಿ ಸವೆದದ್ದೇ. ಬ್ಯಾಲೆನ್ಸ್ ಸ್ಟಾಫಿನ ತುದಿ ದುಂಡಗಿದೆಯೋ ಚಪ್ಪಟೆಯಾಗಿದೆಯೋ ಎಂದು ಲೂಪ್ ಹಾಕಿ ನೋಡದೆ ಕೂರಿಸಿದರೆ, ಮೇಜಿನ ಮೇಲೆ ಮಲಗಿಸಿದಾಗ ಒಂದು ವೇಗದಲ್ಲಿ ಓಡುವ ವಾಚು ಕೈಗೆ ಕಟ್ಟಿದಾಗ ಇನ್ನೊಂದು ವೇಗದಲ್ಲಿ ಓಡಬಹುದು. ಆದ್ದರಿಂದ ರಿಪೇರಿಯಾದ ಹಳೆಯ ಎಚ್‌ಎಂಟಿಯನ್ನು ವಾಪಸ್ ಪಡೆಯುವಾಗ ಡಯಲ್ ಮೇಲೆ ಮಾಡಿ ಮಲಗಿಸಿ ಒಂದು ದಿನ, ಕ್ರೌನ್ ಕೆಳಗೆ ಮಾಡಿ ನಿಲ್ಲಿಸಿ ಒಂದು ದಿನ ಓಡಿಸಿ ನೋಡಿ, ಎರಡರ ನಡುವೆ ಎಷ್ಟು ಸೆಕೆಂಡ್ ಅಂತರ ಬಂತೆಂದು ಅಂಗಡಿಯವರಿಗೆ ತಿಳಿಸುವುದು ಒಳ್ಳೆಯದು. ಅಂತರ ನಿಮಿಷ ದಾಟಿದರೆ ಬೇರೆ ಬ್ಯಾಲೆನ್ಸ್ ಹುಡುಕಿಕೊಡಲು ಕೇಳಬಹುದು, ಇನ್ನೂ ಸಿಗುತ್ತದೆ.