‘ಆತ್ರಿ, ನೋಡೂಣು’ ಅಂದರೆ ಒಪ್ಪಿಗೆಯೇ?

ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. ಆ ಬಣ್ಣ ತೆಗೆಯುವ ಕಂಪನಿಗಳು ಕೇರಳದಲ್ಲಿವೆ. ಹಾಗಾಗಿ ಹಾವೇರಿ ಜಿಲ್ಲೆಯ ಈ ಊರಿನ ವರ್ತಕರಿಗೆ ಕೊಚ್ಚಿ ಕಡೆಯಿಂದ ಇಂಗ್ಲಿಷಿನಲ್ಲಿ ದರ ಕೇಳಿ ಪತ್ರ ಬರುವುದು ಹೊಸದೇನಲ್ಲ. ವರ್ತಕರು ಕನ್ನಡದಲ್ಲಿ ಹೇಳುತ್ತಾರೆ, ನಡುವೆ ಯಾರೋ ಒಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸುತ್ತಾರೆ. ಮಗಳೋ ಅಂಗಡಿಯ ಗುಮಾಸ್ತನೋ ನನ್ನಂಥ ಅನುವಾದಕರೋ, ಯಾರಾದರೂ ಆಗಬಹುದು. ಅಂಥ ಒಂದು ವ್ಯವಹಾರವನ್ನು ಮಾದರಿಯಾಗಿ ಕಟ್ಟಿಕೊಂಡು ನೋಡೋಣ. ದರಗಳು ಲೆಕ್ಕಕ್ಕಾಗಿ ಹಿಡಿದವು, ಮಾತುಗಳು ಮಾತ್ರ ಪೇಟೆಯಲ್ಲಿ ದಿನಾ ಕೇಳುವಂಥವು.

ಕೊಚ್ಚಿಯವರು ಐದು ಟನ್ ಕಡ್ಡಿ ಮೆಣಸಿನಕಾಯಿಗೆ ದರ ಕೇಳಿದರು. ವರ್ತಕರು ಫೋನಿನಲ್ಲಿ ಧ್ವನಿ ಕಳಿಸಿದರು: “ಕೆ.ಜಿ.ಗೆ ಮುನ್ನೂರು ನೋಡ್ರಿ, ಎಲ್ಲಾ ಹಿಡಿದು. ಎಂಟ ದಿನದಾಗ ಮಾಲ ಕಳಸ್ತೀವಿ.”

ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ಅಪಾಯ ಇರುವುದೂ ಅಲ್ಲೇ. ‘ಎಲ್ಲಾ ಹಿಡಿದು’ ಎಂಬುದನ್ನು ‘ಆಲ್ ಇನ್‌ಕ್ಲೂಸಿವ್’ ಎಂದು ಬರೆದರೆ, ಕೊಚ್ಚಿಯ ಲೆಕ್ಕದವರು ತೆರಿಗೆಯೂ ಬಂತು, ಲಾರಿ ಬಾಡಿಗೆಯೂ ಬಂತು ಎಂದುಕೊಳ್ಳುತ್ತಾರೆ. ವರ್ತಕರ ಮನಸ್ಸಿನಲ್ಲಿ ಇದ್ದದ್ದು ಬೇರೆ: ಚೀಲ, ಹಮಾಲಿ, ಲಾರಿಗೆ ಏರಿಸುವ ಖರ್ಚು. ಬ್ಯಾಡಗಿಯಲ್ಲಿ ಮಾಲು ಲಾರಿ ಹತ್ತುವಲ್ಲಿಗೆ ಅವರ ‘ಎಲ್ಲಾ’ ಮುಗಿಯಿತು.

ಲೆಕ್ಕ ಹಾಕಿ ನೋಡಿ. ಐದು ಸಾವಿರ ಕೆ.ಜಿ.ಗೆ ಮುನ್ನೂರರಂತೆ 15 ಲಕ್ಷ ರೂಪಾಯಿ. ಒಣಮೆಣಸಿನಕಾಯಿಗೆ ಜಿಎಸ್‌ಟಿ ಶೇ 5. ತೆರಿಗೆ ಬೇರೆ ಎಂದಾದರೆ ಮೇಲೆ 75,000 ಸೇರಿ ಬಿಲ್ಲು 15,75,000 ಆಗುತ್ತದೆ. ತೆರಿಗೆ ಹಿಡಿದೇ ಎಂದಾದರೆ ಅದೇ 15 ಲಕ್ಷದೊಳಗಿಂದ ತೆರಿಗೆ ತೆಗೆಯಬೇಕು, ಆಗ ಮಾಲಿನ ಬೆಲೆ ಸುಮಾರು 14,28,571ಕ್ಕೆ ಇಳಿಯುತ್ತದೆ. ಲಾರಿ ಬಾಡಿಗೆ 40,000 ಎಂದಿಟ್ಟುಕೊಂಡರೆ ಅದನ್ನೂ ಕಳೆಯಬೇಕು. ವರ್ತಕರು 15 ಲಕ್ಷ ಕೈಗೆ ಬರುತ್ತದೆಂದು ನಂಬಿದ್ದಲ್ಲಿ 13,88,571 ಮಾತ್ರ ಉಳಿಯಿತು. ಕೆ.ಜಿ.ಗೆ ಇಪ್ಪತ್ತೆರಡು ರೂಪಾಯಿಗೂ ಹೆಚ್ಚು ಹೋಯಿತು, ಅದೂ ಯಾರೂ ಚೌಕಾಸಿ ಮಾಡದೆಯೇ.

ಇನ್ನು ‘ಎಂಟು ದಿನ’. ನಮ್ಮಲ್ಲಿ ಎಂಟು ದಿನ ಎಂದರೆ ಒಂದು ವಾರ, ಹದಿನೈದು ದಿನ ಎಂದರೆ ಎರಡು ವಾರ. ಲೆಕ್ಕದಲ್ಲಿ ಒಂದು ದಿನ ಹೆಚ್ಚುಕಡಿಮೆಯಾದರೂ ಮಾತಿನಲ್ಲಿ ಅದು ತಪ್ಪಲ್ಲ. ಆದರೆ ಅದಕ್ಕಿಂತ ದೊಡ್ಡದು ‘ಕಳಸ್ತೀವಿ’ ಎಂಬ ಕ್ರಿಯಾಪದ. ಕಳಿಸುವುದು ಬ್ಯಾಡಗಿಯಲ್ಲಿ ಆಗುವ ಕೆಲಸ, ಮುಟ್ಟುವುದು ಕೊಚ್ಚಿಯಲ್ಲಿ. ಇಂಗ್ಲಿಷಿನ ‘ಡೆಲಿವರಿ’ಯನ್ನು ಕೊಳ್ಳುವವರು ತಮ್ಮ ಗೋದಾಮಿನ ಬಾಗಿಲಿಗೆ ಎಂದು ಓದುತ್ತಾರೆ. ಹಾಗಾಗಿ ‘ಎಂಟು ದಿನದಲ್ಲಿ ಡೆಲಿವರಿ’ ಎಂದು ಬರೆದ ಅನುವಾದಕ, ವರ್ತಕರು ಕೊಡದ ಮಾತನ್ನು ಅವರ ಹೆಸರಿನಲ್ಲಿ ಕೊಟ್ಟಂತಾಯಿತು. ಇಲ್ಲಿ ತಾರೀಖು ಕೇಳಿ ಬರೆಯುವುದೊಂದೇ ದಾರಿ: ಲಾರಿ ಇಂಥ ದಿನ ಬ್ಯಾಡಗಿ ಬಿಡುತ್ತದೆ.

ಕೊಚ್ಚಿಯಿಂದ ಮರುಪತ್ರ ಬಂತು: 285 ರೂಪಾಯಿ, ಎಫ್‌ಓಆರ್ ಕೊಚ್ಚಿ, ಜಿಎಸ್‌ಟಿ ಬೇರೆ, ನಿವ್ವಳ ತೂಕ, ಮಾಲು ಮುಟ್ಟಿದ ಮೂವತ್ತು ದಿನಕ್ಕೆ ಹಣ.

ಎಫ್‌ಓಆರ್ ಎಂಬ ಮೂರಕ್ಷರ ರೈಲಿನ ಕಾಲದ್ದು. ‘ಫ್ರೀ ಆನ್ ರೈಲ್’ ಎಂಬ ಹಳೆಯ ಅರ್ಥದಲ್ಲಿ, ಮಾಲನ್ನು ಹೊರಡುವ ಊರಿನ ವ್ಯಾಗನ್ನಿಗೆ ಏರಿಸಿದರೆ ಮಾರುವವನ ಹೊಣೆ ಮುಗಿಯುತ್ತಿತ್ತು. ಈಗ ನಮ್ಮ ದೇಶದ ವ್ಯಾಪಾರದಲ್ಲಿ ಅದರ ಮುಂದೆ ತಲುಪುವ ಊರಿನ ಹೆಸರು ಬಂದರೆ ಅಲ್ಲಿಯವರೆಗಿನ ಬಾಡಿಗೆ ಮಾರುವವರದು ಎಂದೇ ಅರ್ಥ. ಒಂದೇ ಪದ, ಮುಂದಿನ ಊರಿನ ಹೆಸರಿನ ಮೇಲೆ ತಿರುಗುಮುರುಗಾಗುತ್ತದೆ. ಪತ್ರದಲ್ಲಿ ಬರೀ ಎಫ್‌ಓಆರ್ ಎಂದಿದ್ದು ಊರಿನ ಹೆಸರೇ ಇರದಿದ್ದರೆ ಅನುವಾದಕ ತಾನೇ ಊರನ್ನು ತುಂಬಬಾರದು. ‘ಯಾವ ಊರು ಎಂದು ಬರೆದಿಲ್ಲ, ಕೇಳಬೇಕು’ ಎಂದೇ ತಿಳಿಸಬೇಕು. ದಾರಿಯಲ್ಲಿ ಮಾಲು ನೆನೆದರೆ ನಷ್ಟ ಯಾರದು ಎಂಬ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಬೇರೆ ಮಾತಾಗಿರದಿದ್ದರೆ, ಲಾರಿಯವನಿಗೆ ಮಾಲು ಒಪ್ಪಿಸುವುದನ್ನು ಕೊಳ್ಳುವವನಿಗೆ ಒಪ್ಪಿಸಿದಂತೆ ಎಂದು 1930ರ ಸರಕು ಮಾರಾಟ ಕಾಯ್ದೆ ಎಣಿಸುತ್ತದೆ. ಕೊಚ್ಚಿಯಲ್ಲಿ ಮುಟ್ಟಿಸುತ್ತೇವೆ ಎಂದು ಬರೆದುಕೊಟ್ಟರೆ ಆ ಆಸರೆ ಹೋಗುತ್ತದೆ.

ಕನ್ನಡದಲ್ಲಿ ‘ಎಫ್‌ಓಆರ್ ಕೊಚ್ಚಿ’ ಎಂದು ಅಕ್ಷರ ಬದಲಿಸಿ ಕಳಿಸುವುದು ನನ್ನ ಪ್ರಕಾರ ಅನುವಾದವೇ ಅಲ್ಲ. ‘ಕೊಚ್ಚಿಯ ಗೋದಾಮಿನವರೆಗೆ ಲಾರಿ ಬಾಡಿಗೆ ನಿಮ್ಮದು’ ಎಂದು ಬರೆದಾಗ ವರ್ತಕರು ತಾವೇ ಬೆರಳು ಮಡಚುತ್ತಾರೆ. ಬಾಡಿಗೆ ಕೆ.ಜಿ.ಗೆ ಎಂಟು ರೂಪಾಯಿ. ಹಾಗಾದರೆ 285 ಎಂದರೆ ಬ್ಯಾಡಗಿಯಲ್ಲಿ 277. ಕೊಚ್ಚಿಯವರು ಹದಿನೈದು ರೂಪಾಯಿ ಇಳಿಸಿದಂತೆ ಕಂಡದ್ದು ನಿಜದಲ್ಲಿ ಇಪ್ಪತ್ತಮೂರು.

ತೂಕದ ಮಾತಿನಲ್ಲೂ ಇಂಥದೇ ಒಂದು ಗಂಟು ಇದೆ. ನಿವ್ವಳ ಎಂದರೆ ಬಾರದಾನ, ಅಂದರೆ ಖಾಲಿ ಚೀಲದ ತೂಕ ಕಳೆದದ್ದು. ನೂರು ಚೀಲ, ಒಂದೊಂದೂ ಮುಕ್ಕಾಲು ಕೆ.ಜಿ. ತೂಗಿದರೆ 75 ಕೆ.ಜಿ.ಯ ಹಣ ಅದರಲ್ಲಿದೆ. ಇದಕ್ಕಿಂತ ಜಗಳ ತರುವುದು ಎಲ್ಲಿಯ ತೂಕ ಎಂಬುದು. ಮೆಣಸಿನಕಾಯಿ ದಾರಿಯಲ್ಲಿ ಒಣಗಿ ತೂಕ ಕಳೆದುಕೊಳ್ಳುತ್ತದೆ. ನೂರಕ್ಕೆ ಒಂದು ಕೆ.ಜಿ. ಇಳಿದರೂ ಐದು ಟನ್ನಿಗೆ ಐವತ್ತು ಕೆ.ಜಿ. ಆಯಿತು. ಬ್ಯಾಡಗಿಯ ಕಾಟಾ ಚೀಟಿಯೇ ಪ್ರಮಾಣವೋ ಕೊಚ್ಚಿಯದೋ ಎಂಬುದು ಎರಡೂ ಕಡೆಯ ಪತ್ರಗಳಲ್ಲಿ ಇರಲೇ ಇಲ್ಲ. ಮೂಲದಲ್ಲಿಲ್ಲದ್ದನ್ನು ಅನುವಾದಕ ಸೇರಿಸುವಂತಿಲ್ಲ ನಿಜ. ಆದರೆ ಇಲ್ಲ ಎಂದು ಹೇಳಬಹುದು, ಹೇಳಲೇಬೇಕು. ಅದನ್ನು ಅನುವಾದದೊಳಗೆ ಬೆರೆಸದೆ ಕೆಳಗೆ ಬೇರೆ ಟಿಪ್ಪಣಿಯಾಗಿ ಬರೆದರೆ ಯಾರ ಮಾತು ಯಾರದೆಂದು ಗೊಂದಲವಾಗದು.

ಈ ಪತ್ರ ಕೇಳಿ ವರ್ತಕರು ಅಂದರು: “ಆತ್ರಿ, ನೋಡೂಣು.”

ಇಡೀ ವ್ಯವಹಾರದಲ್ಲಿ ನಾನು ಹೆಚ್ಚು ಹೆದರುವುದು ಈ ಎರಡು ಪದಕ್ಕೆ. ‘ಆತ್ರಿ’ ಎಂಬುದು ಒಪ್ಪಿಗೆಯೂ ಹೌದು, ‘ಕೇಳಿಸಿತು’ ಎಂಬ ಸೂಚನೆಯೂ ಹೌದು. ಹಿಂದೆ ‘ನೋಡೂಣು’ ಬಂದರೆ ಬಹುತೇಕ ಅದು ಮರ್ಯಾದೆಯ ನಿರಾಕರಣೆ. ಇದನ್ನು ‘ಅಗ್ರೀಡ್’ ಎಂದು ಬರೆದರೆ ಕೊಚ್ಚಿಯವರು ಅಂದೇ ಖರೀದಿ ಆದೇಶ ಕಳಿಸುತ್ತಾರೆ. 1872ರ ಕರಾರು ಕಾಯ್ದೆಯ 7ನೆಯ ಕಲಮಿನ ಪ್ರಕಾರ ಒಪ್ಪಿಗೆ ಪೂರ್ಣವಾಗಿರಬೇಕು, ಷರತ್ತಿಲ್ಲದೆ ಇರಬೇಕು. ಒಂದು ಷರತ್ತು ಬದಲಿಸಿದರೂ ಅದು ಹೊಸ ಪ್ರಸ್ತಾವವಾಗುತ್ತದೆ. ವರ್ತಕರದು ಒಪ್ಪಿಗೆಯೂ ಅಲ್ಲ, ಹೊಸ ಪ್ರಸ್ತಾವವೂ ಅಲ್ಲ. ‘ನಿಮ್ಮ ಷರತ್ತು ನೋಡಿದ್ದೇವೆ, ಇನ್ನೂ ಒಪ್ಪಿಲ್ಲ, ಉತ್ತರ ತಿಳಿಸುತ್ತೇವೆ’ ಎಂದೇ ಇಂಗ್ಲಿಷಿನಲ್ಲಿ ಹೋಗಬೇಕು. ಅಷ್ಟು ಉದ್ದವಾದರೂ ಚಿಂತೆಯಿಲ್ಲ. ಕಳಿಸುವ ಮೊದಲು ವರ್ತಕರಿಗೆ ಒಮ್ಮೆ ಕೇಳಿಬಿಡುವುದು ಇನ್ನೂ ಒಳ್ಳೆಯದು: “ಒಪ್ಪಿದಂಗ ಏನ್ರಿ, ಇನ್ನೂ ವಿಚಾರ ಮಾಡ್ತೀರೋ?”

ಕೇಳಿದಾಗ ವರ್ತಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆ.ಜಿ.ಗೆ 292 ಅಂದರು. ಬಾಡಿಗೆ ತಾವು ಕೊಡುತ್ತೇವೆ, ಆದರೆ ತೂಕ ಮಾತ್ರ ಬ್ಯಾಡಗಿಯದು, ಹಣ ಮಾಲು ಮುಟ್ಟಿದ ಹದಿನೈದು ದಿನಕ್ಕೆ ಬರಬೇಕು ಅಂದರು. ಕೊಚ್ಚಿಗೆ ಹೋದ ಇಂಗ್ಲಿಷ್ ಪತ್ರದಲ್ಲಿ ‘ಎಲ್ಲಾ ಹಿಡಿದು’ ಇರಲಿಲ್ಲ. ನಿವ್ವಳ 5,000 ಕೆ.ಜಿ., ಬ್ಯಾಡಗಿಯ ಕಾಟಾ ಚೀಟಿಯಂತೆ, ಮಾಲಿನ ಬೆಲೆ 14,60,000 ರೂಪಾಯಿ, ಕೊಚ್ಚಿ ಗೋದಾಮಿನವರೆಗಿನ ಲಾರಿ ಬಾಡಿಗೆ ಇದರಲ್ಲೇ ಸೇರಿದೆ, ಹೊರರಾಜ್ಯದ ಮಾರಾಟವಾದ್ದರಿಂದ ಐಜಿಎಸ್‌ಟಿ ಶೇ 5ರಂತೆ 73,000 ಬೇರೆ, ಒಟ್ಟು 15,33,000. ಅದೇ ಪತ್ರದ ಕನ್ನಡ ಪ್ರತಿಯನ್ನು ವರ್ತಕರಿಗೂ ಓದಿ ಹೇಳಲಾಯಿತು. ಮರುದಿನ ಕೊಚ್ಚಿಯಿಂದ ಬಂದ ಉತ್ತರದಲ್ಲಿ ಒಂದೇ ಪ್ರಶ್ನೆ ಇತ್ತು: ಹದಿನೈದು ದಿನವೋ, ಎರಡು ವಾರವೋ?