ಕಿಲೋ ಔಷಧದ ದರದಲ್ಲಿ ಕಾಣದ ಕಸ: ಪರವಾಡದಿಂದ ವಿಜಯವಾಡದವರೆಗೆ

ವಿಶಾಖಪಟ್ಟಣದಿಂದ ವಿಜಯವಾಡದ ದಿಕ್ಕಿಗೆ ಹೆದ್ದಾರಿ 16ರಲ್ಲಿ ಹೊರಟು, ಗಾಜುವಾಕ ಕಳೆದು, ಉಕ್ಕಿನ ಕಾರ್ಖಾನೆಯ ಕೂರ್ಮನ್ನಪಾಲೆಂ ದಾಟಿ, ಲಂಕೆಲಪಾಲೆಂನಲ್ಲಿ ಎಡಕ್ಕೆ ತಿರುಗಿದರೆ ಪರವಾಡ. ಸಿಂಹಾದ್ರಿ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ಅದರ ಆಸುಪಾಸಿನಲ್ಲೇ ಎರಡು ಸಾವಿರ ಎಕರೆಗೂ ಮಿಕ್ಕಿ ಹರಡಿಕೊಂಡಿದೆ ಜವಾಹರಲಾಲ್ ನೆಹರೂ ಫಾರ್ಮಾ ಸಿಟಿ. ಹೆಸರಿನಲ್ಲಿ ಸಿಟಿ ಇದ್ದರೂ ಇಲ್ಲಿ ಮನೆಗಳಿಲ್ಲ. ಸಾಲುಸಾಲು ರಿಯಾಕ್ಟರುಗಳು, ಬಾಯ್ಲರುಗಳು, ಟ್ಯಾಂಕರುಗಳು, ನೀಲಿ ಪ್ಲಾಸ್ಟಿಕ್ ಡ್ರಮ್ಮುಗಳು. ನಾವು ನುಂಗುವ ಮಾತ್ರೆಯೊಳಗಿನ ಮೂಲವಸ್ತು, ಅಂದರೆ ಬಲ್ಕ್ ಡ್ರಗ್, ತಯಾರಾಗುವುದು ಇಂಥ ಕಡೆ. 2022ರಲ್ಲಿ ಜಿಲ್ಲೆಗಳನ್ನು ಒಡೆದಾಗ ಪರವಾಡ ಅನಕಾಪಲ್ಲಿ ಜಿಲ್ಲೆಗೆ ಸೇರಿತು. ಜನರ ಬಾಯಲ್ಲಿ ಅದು ಈಗಲೂ ವೈಜಾಗ್ ಫಾರ್ಮಾ.

ಈ ಊರನ್ನು ನೋಡಬೇಕಾದ್ದು ಮುಂದಿನ ಗೇಟಿನಿಂದಲ್ಲ, ಹಿಂದಿನ ಗೇಟಿನಿಂದ. ಮುಂದಿನಿಂದ ಒಂದು ಕಿಲೋ ಔಷಧ ಹೊರಟರೆ ಹಿಂದಿನಿಂದ ಎಷ್ಟು ಕಿಲೋ ಕಸ ಹೊರಡುತ್ತದೆ? ರಸಾಯನಶಾಸ್ತ್ರಜ್ಞ ರೋಜರ್ ಶೆಲ್ಡನ್ 1992ರಲ್ಲಿ ಈ ಪ್ರಶ್ನೆಗೊಂದು ಅಳತೆ ಕೊಟ್ಟರು. ತೈಲ ಶುದ್ಧೀಕರಣದಲ್ಲಿ ಕಿಲೋ ಉತ್ಪನ್ನಕ್ಕೆ ನೂರು ಗ್ರಾಂ ಕಸವೂ ಬರುವುದಿಲ್ಲ. ಔಷಧದಲ್ಲಿ 25ರಿಂದ 100 ಕಿಲೋ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅದೂ ನೀರನ್ನು ಬಿಟ್ಟು ಹಾಕಿದ ಲೆಕ್ಕ. ಔಷಧದಿಂದ ಔಷಧಕ್ಕೆ ಇದು ನಾಲ್ಕು ಪಟ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ನೆನಪಿಡಿ, ಮುಂದಿನ ಮಾತೆಲ್ಲ ಅದರ ಮೇಲೇ ನಿಂತಿದೆ.

ಕಸ ಒಂದೇ ಬಗೆಯದಲ್ಲ. ಉಪ್ಪು ಕಡಿಮೆ ಇರುವ ನೀರನ್ನು ಬ್ಯಾಕ್ಟೀರಿಯಾಗಳ ತೊಟ್ಟಿಯಲ್ಲಿ ಅಗ್ಗವಾಗಿ ಶುದ್ಧ ಮಾಡಬಹುದು. ಪರವಾಡದಲ್ಲಿ ಇದಕ್ಕೆ ಸಾಮೂಹಿಕ ಶುದ್ಧೀಕರಣ ಘಟಕವಿದೆ, ಅಲ್ಲಿಂದ ಕೊಳವೆ ಸಮುದ್ರಕ್ಕೆ ಹೋಗುತ್ತದೆ. ಉಪ್ಪು ಹೆಚ್ಚಿದ್ದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಹೀಗಾಗಿ ‘ಹೈ ಟಿಡಿಎಸ್’ ಎಂದು ಕರೆಯುವ ಆ ನೀರಿನಿಂದ ಮೊದಲು ಸ್ಟ್ರಿಪ್ಪರಿನಲ್ಲಿ ಸಾಲ್ವೆಂಟ್ ತೆಗೆದು, ನಂತರ ಎಂಇಇ ಎಂಬ ಸರಣಿ ಆವಿ ಯಂತ್ರದಲ್ಲಿ ಕುದಿಸಿ ಇಂಗಿಸಿ, ಕೊನೆಗೆ ಡ್ರೈಯರಿನಲ್ಲಿ ಉಪ್ಪಾಗಿ ಒಣಗಿಸಬೇಕು. ಆ ಉಪ್ಪು ಪರವಾಡದಲ್ಲೇ ಇರುವ ಅಪಾಯಕಾರಿ ತ್ಯಾಜ್ಯ ವಿಲೇವಾರಿ ಕೇಂದ್ರದ ಭದ್ರ ಹೊಂಡಕ್ಕೆ ಹೋಗುತ್ತದೆ. ಸಾಲ್ವೆಂಟ್ ಬಟ್ಟಿ ಇಳಿಸಿದ ಮೇಲೆ ಉಳಿಯುವ ಡಾಂಬರಿನಂಥ ಗಸಿ ದಹನಕ್ಕೆ ಹೋಗುತ್ತದೆ, ಇಲ್ಲವೇ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಇಂಧನವಾಗುತ್ತದೆ.

ಇವುಗಳ ಕಾಗದಪತ್ರದ ಊರು ವಿಜಯವಾಡ. ಆಂಧ್ರಪ್ರದೇಶ ಮಾಲಿನ್ಯ ನಿಯಂತ್ರಣ ಮಂಡಳಿಯ ಮುಖ್ಯ ಕಚೇರಿ ಅಲ್ಲಿದೆ. ಕಾರ್ಖಾನೆಯಿಂದ ಹೊರಡುವ ಪ್ರತಿ ಲೋಡಿಗೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ನಮೂನೆ 10, ಅಂದರೆ ಮ್ಯಾನಿಫೆಸ್ಟ್, ಜೊತೆಗಿರಬೇಕು. ಕಳಿಸಿದವರು, ಸಾಗಿಸಿದವರು, ಪಡೆದವರು, ತೂಕ, ಡ್ರಮ್ಮುಗಳ ಸಂಖ್ಯೆ, ಗಟ್ಟಿಯೋ ದ್ರವವೋ, ಎಲ್ಲಕ್ಕೂ ಅಲ್ಲಿ ಜಾಗವಿದೆ. ಯಾವ ಔಷಧದಿಂದ ಬಂತು ಎಂಬುದಕ್ಕೆ ಕಾಲಮ್ ಇಲ್ಲ. ಔಷಧ ತಯಾರಿಕೆಯ ಗಸಿಯೆಲ್ಲ ನಿಯಮದ ಅನುಸೂಚಿಯಲ್ಲಿ 28.1 ಎಂಬ ಒಂದೇ ಸಂಖ್ಯೆ. ಹತ್ತು ಔಷಧಗಳ ಗಸಿ ಒಂದೇ ಟ್ರಕ್ಕಿನಲ್ಲಿ ಹೋಗುತ್ತದೆ, ತಿಂಗಳ ಕೊನೆಗೆ ಒಂದೇ ಬಿಲ್ ಬರುತ್ತದೆ. ನಿಯಂತ್ರಕನಿಗೆ ಇಷ್ಟು ಸಾಕು, ಅವನಿಗೆ ಬೇಕಾದ್ದು ಕಸ ಎಲ್ಲಿಗೆ ಹೋಯಿತು ಎಂಬುದು. ಆದರೆ ಕಾರ್ಖಾನೆಯ ಲೆಕ್ಕಿಗನೂ ಅದೇ ಕಾಗದವನ್ನು ಹಿಡಿದು, ಬಿಲ್ಲನ್ನು ‘ಫ್ಯಾಕ್ಟರಿ ಓವರ್‌ಹೆಡ್’ ಖಾತೆಗೆ ಹಾಕಿ, ತಯಾರಾದ ಎಲ್ಲ ಕಿಲೋಗಳ ಮೇಲೂ ಸಮನಾಗಿ ಹಂಚಿಬಿಡುತ್ತಾನೆ. ತಪ್ಪು ಶುರುವಾಗುವುದು ಇಲ್ಲಿ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ವಿವರಣೆಗಾಗಿ ನಾನು ಹಾಕಿಕೊಂಡವು, ಯಾವ ಕಂಪನಿಯವೂ ಅಲ್ಲ. ಒಂದು ಕಾರ್ಖಾನೆ ಎರಡು ಔಷಧ ಮಾಡುತ್ತದೆ, ‘ಕ’ ಮತ್ತು ‘ಗ’, ವರ್ಷಕ್ಕೆ ತಲಾ 100 ಟನ್. ‘ಕ’ ಸೌಮ್ಯ ಸ್ವಭಾವದ್ದು: ಕಿಲೋಗೆ 10 ಲೀಟರ್ ಉಪ್ಪು ಕಡಿಮೆಯ ನೀರು, 200 ಗ್ರಾಂ ಗಸಿ. ‘ಗ’ ಹಾಗಲ್ಲ: ಕಿಲೋಗೆ 16 ಲೀಟರ್ ಉಪ್ಪುನೀರು, ಅದನ್ನು ಇಂಗಿಸಿದರೆ ಒಂದೂವರೆ ಕಿಲೋ ಉಪ್ಪು, ಜೊತೆಗೆ ಒಂದು ಕಿಲೋ ಗಸಿ. ಸಾದಾ ನೀರಿನ ಶುದ್ಧೀಕರಣಕ್ಕೆ ಲೀಟರಿಗೆ 20 ಪೈಸೆ, ಉಪ್ಪುನೀರು ಇಂಗಿಸಲು ಒಂದೂವರೆ ರೂಪಾಯಿ, ಉಪ್ಪಿನ ವಿಲೇವಾರಿಗೆ ಸಾಗಣೆ ಸೇರಿ ಕಿಲೋಗೆ 4, ಗಸಿಗೆ 20 ರೂಪಾಯಿ ಎಂದಿಟ್ಟುಕೊಳ್ಳಿ.

‘ಕ’ದ ಪಾಲು ಕಿಲೋಗೆ 6 ರೂಪಾಯಿ. ‘ಗ’ದ ಪಾಲು 24, 6, 20 ಸೇರಿ 50 ರೂಪಾಯಿ. ವರ್ಷದ ಒಟ್ಟು ಖರ್ಚು 56 ಲಕ್ಷ. ಓವರ್‌ಹೆಡ್ ಪದ್ಧತಿಯಲ್ಲಿ ಹಂಚಿದರೆ ಎರಡಕ್ಕೂ ಕಿಲೋಗೆ 28. ಈಗ ‘ಗ’ದ ಉಳಿದ ಖರ್ಚು 450, ಮಾರುಕಟ್ಟೆ ದರ 490 ಎಂದಾದರೆ ಪುಸ್ತಕದಲ್ಲಿ 12 ರೂಪಾಯಿ ಲಾಭ, ವಾಸ್ತವದಲ್ಲಿ 10 ರೂಪಾಯಿ ನಷ್ಟ. ‘ಕ’ದ ಉಳಿದ ಖರ್ಚು 600, ಮಾರುಕಟ್ಟೆ ದರ 620 ಆದರೆ ಪುಸ್ತಕದಲ್ಲಿ 8 ರೂಪಾಯಿ ನಷ್ಟ, ವಾಸ್ತವದಲ್ಲಿ 14 ರೂಪಾಯಿ ಲಾಭ.

ಮಾರಾಟ ವಿಭಾಗದವರು ಪುಸ್ತಕ ನೋಡುತ್ತಾರೆ. ‘ಕ’ವನ್ನು 50 ಟನ್ನಿಗೆ ಇಳಿಸಿ ‘ಗ’ವನ್ನು 150 ಟನ್ನಿಗೆ ಏರಿಸುತ್ತಾರೆ. ಒಟ್ಟು ಉತ್ಪಾದನೆ ಅಷ್ಟೇ, 200 ಟನ್. ಆದರೆ ಕಸದ ಖರ್ಚು 56ರಿಂದ 78 ಲಕ್ಷಕ್ಕೆ ಏರುತ್ತದೆ, ಕಿಲೋಗೆ ಸರಾಸರಿ 28 ಇದ್ದದ್ದು 39 ಆಗುತ್ತದೆ. ಈಗ ‘ಕ’ದ ಪುಸ್ತಕದ ನಷ್ಟ ಇನ್ನೂ ಹೆಚ್ಚು ಕಾಣುತ್ತದೆ, ಅದನ್ನು ಪೂರ್ತಿ ನಿಲ್ಲಿಸೋಣ ಎಂಬ ಮಾತು ಬರುತ್ತದೆ. ಸಭೆಯಲ್ಲಿ ಯಾರೋ ಪರಿಸರ ವಿಭಾಗದವರನ್ನು, ನಿಮ್ಮ ಖರ್ಚು ಯಾಕೆ ಹೀಗೆ ಏರಿತು ಎಂದು ಗದರುತ್ತಾರೆ. ಏರಿಸಿದವರು ಆರ್ಡರ್ ತಂದವರು, ಬೈಸಿಕೊಳ್ಳುವವರು ಎಂಇಇ ನಡೆಸುವವರು. ಟನ್ನು ಹೆಚ್ಚದೆ ಕಸದ ಬಿಲ್ ಹೆಚ್ಚಿದರೆ ಮೊದಲು ನೋಡಬೇಕಾದ್ದು ಯಂತ್ರವನ್ನಲ್ಲ, ಆ ತಿಂಗಳು ಏನೇನು ತಯಾರಾಯಿತು ಎಂಬ ಪಟ್ಟಿಯನ್ನು.

ಇದರ ಮುಂದಿನ ಹೆಜ್ಜೆ ಬರೀ ಲೆಕ್ಕದ್ದಲ್ಲ. ಎಂಇಇಗೆ ದಿನಕ್ಕೆ ಇಷ್ಟೇ ನೀರು ಎಂಬ ಮಿತಿ ಇರುತ್ತದೆ. ‘ಗ’ ಹೆಚ್ಚಾದಾಗ ಉಪ್ಪುನೀರು ಟ್ಯಾಂಕುಗಳಲ್ಲಿ ತುಂಬಿ ನಿಲ್ಲುತ್ತದೆ. ಆಗ ಒಂದೋ ಉತ್ಪಾದನೆ ನಿಲ್ಲಿಸಬೇಕು, ಇಲ್ಲವೇ ಕದ್ದು ಬಿಡಬೇಕು. ಫಾರ್ಮಾ ಸಿಟಿಯ ಅಂಚಿನ ತಾಡಿ ಗ್ರಾಮದವರು ನೀರು, ಗಾಳಿ ಕೆಟ್ಟವೆಂದು ವರ್ಷಗಳಿಂದ ಸ್ಥಳಾಂತರ ಕೇಳುತ್ತಿದ್ದಾರೆ.

ಪತ್ತೆ ಹಚ್ಚುವುದು ಕಷ್ಟವೇ? ಅಷ್ಟೇನಲ್ಲ. ಸೋಜಿಗವೆಂದರೆ, ಔಷಧವಾರು ಕಸದ ಲೆಕ್ಕವನ್ನು ಕಂಪನಿಯೇ ಮೊದಲೇ ಬರೆದುಕೊಟ್ಟಿರುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಡಿ ಅನುಮತಿ ಕೇಳುವಾಗ ಸಲ್ಲಿಸುವ ವರದಿಯಲ್ಲಿ ಪ್ರತಿ ಔಷಧಕ್ಕೂ ಒಂದು ಬ್ಯಾಚಿನ ಒಳಹರಿವು ಹೊರಹರಿವಿನ ಕೋಷ್ಟಕ ಇರುತ್ತದೆ: ಇಷ್ಟು ಕಚ್ಚಾವಸ್ತು, ಇಷ್ಟು ಸಾಲ್ವೆಂಟ್ ಮರಳಿತು, ಇಷ್ಟು ಆವಿಯಾಯಿತು, ಇಷ್ಟು ಗಸಿ. ಅನುಮತಿ ಸಿಕ್ಕ ಮೇಲೆ ಆ ಪುಟ ಪರಿಸರ ವಿಭಾಗದ ಬೀರುವಿನಲ್ಲಿ ಉಳಿಯುತ್ತದೆ, ಲೆಕ್ಕಪತ್ರ ವಿಭಾಗಕ್ಕೆ ದಾಟುವುದಿಲ್ಲ. ಅದನ್ನು ತೆಗೆದು ಬ್ಯಾಚ್ ಶೀಟಿನ ಪಕ್ಕ ಇಟ್ಟರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಪ್ರತಿ ಬ್ಲಾಕಿನಿಂದ ಹೊರಡುವ ಉಪ್ಪುನೀರಿಗೆ ಒಂದು ಮೀಟರ್, ಗಸಿಯ ಡ್ರಮ್ಮಿಗೆ ಔಷಧದ ಹೆಸರು ಮತ್ತು ಬ್ಯಾಚ್ ಸಂಖ್ಯೆಯ ಚೀಟಿ, ತೂಕ ಹಾಕುವಾಗ ಆ ಚೀಟಿಯನ್ನೂ ಬರೆದುಕೊಳ್ಳುವ ಅಭ್ಯಾಸ ಸಾಕು.

ಅಡಗಿರುವ ಜಾಗಗಳು ಬೇರೆಯೂ ಇವೆ. ಎಂಇಇಯ ಉಗಿ ಬಾಯ್ಲರಿನಿಂದ ಬರುವುದರಿಂದ ಅದರ ಕಲ್ಲಿದ್ದಲು ‘ಯುಟಿಲಿಟಿ’ ಖಾತೆಯಲ್ಲಿ ಕೂತಿರುತ್ತದೆ, ಕಸದ ಖರ್ಚೆಂದು ಯಾರಿಗೂ ಹೊಳೆಯುವುದಿಲ್ಲ. ಅದಕ್ಕಿಂತ ದೊಡ್ಡದು ಸಾಲ್ವೆಂಟ್. ‘ಗ’ದ ಪ್ರತಿ ಕಿಲೋಗೆ 400 ಗ್ರಾಂ ಸಾಲ್ವೆಂಟ್ ಮರಳದೆ ಹೋದರೆ, ಕಿಲೋಗೆ ನೂರು ರೂಪಾಯಿಯಂತೆ 40 ರೂಪಾಯಿ. ಗಸಿ ವಿಲೇವಾರಿಯ 20ಕ್ಕಿಂತ ಇದು ದುಪ್ಪಟ್ಟು. ದುಡ್ಡು ಕೊಟ್ಟು ಕೊಂಡದ್ದೇ ಕಸವಾಗಿ ಹೋಗಿದೆ, ಆದರೆ ಅದು ಕಚ್ಚಾವಸ್ತುವಿನ ‘ಮಾಮೂಲಿ ನಷ್ಟ’ ಎಂದು ಬರೆದಿರುತ್ತದೆ. 2011ರಲ್ಲಿ ಬಂದ ಐಎಸ್‌ಒ 14051 ಮಾನದಂಡ ಹೇಳುವುದು ಇದನ್ನೇ: ಕಸದ ಬೆಲೆಯೆಂದರೆ ಎಸೆಯುವ ಕೂಲಿ ಮಾತ್ರವಲ್ಲ, ಅದರಲ್ಲಿ ಹೋದ ಸಾಮಾನಿನ ಕ್ರಯವೂ.

ನಮ್ಮಲ್ಲೂ ನಿಯಮವಿದೆ. ವೆಚ್ಚ ಲೆಕ್ಕಿಗರ ಸಂಸ್ಥೆಯ ಸಿಎಎಸ್-14 ಮಾನದಂಡ ಇರುವುದೇ ಮಾಲಿನ್ಯ ನಿಯಂತ್ರಣ ವೆಚ್ಚದ ಬಗ್ಗೆ. ಖರ್ಚು ಯಾವ ಉತ್ಪನ್ನದ್ದೆಂದು ಗುರುತಿಸಬಹುದಾದರೆ ಅದಕ್ಕೇ ಹಾಕಿ, ಆಗದಿದ್ದರೆ ಕಾರಣ-ಪರಿಣಾಮ ನೋಡಿ ಹಂಚಿ ಎನ್ನುತ್ತದೆ. ಔಷಧ ಉದ್ಯಮ 2014ರ ವೆಚ್ಚ ದಾಖಲೆ ನಿಯಮಗಳ ವ್ಯಾಪ್ತಿಯಲ್ಲೂ ಬರುತ್ತದೆ. ಸಂಸ್ಥೆಯ ಶಾಖೆಗಳು ವಿಶಾಖಪಟ್ಟಣದಲ್ಲೂ ಇವೆ, ವಿಜಯವಾಡದಲ್ಲೂ ಇವೆ. ಆದರೆ ಗುರುತಿಸುವ ಮೀಟರನ್ನೇ ಹಾಕದಿದ್ದರೆ ಗುರುತಿಸಲಾಗದು ಎಂದು ಬರೆಯುವುದು ಸುಲಭ.

ಎಲ್ಲವನ್ನೂ ಗುರುತಿಸಲಾಗದು ಎಂಬುದೂ ನಿಜವೇ. ‘ಕ’ ಮುಗಿದು ‘ಗ’ ಶುರುವಾಗುವಾಗ ರಿಯಾಕ್ಟರ್ ತೊಳೆದ ನೀರು ಯಾರದ್ದು? ಪ್ರಯೋಗಾಲಯದ ಸಂಬಳ, ಸಾಮೂಹಿಕ ಘಟಕದ ಸದಸ್ಯತ್ವ ಶುಲ್ಕ ಯಾರ ತಲೆಗೆ? ಇಂಥವು ಓವರ್‌ಹೆಡ್ಡಿನಲ್ಲೇ ಇರಲಿ. ದಂಡ, ಪರಿಹಾರ ಇತ್ಯಾದಿಯನ್ನು ಸಿಎಎಸ್-14 ಮಾಲಿನ್ಯ ನಿಯಂತ್ರಣ ವೆಚ್ಚವೆಂದೇ ಒಪ್ಪುವುದಿಲ್ಲ. 2020ರ ಮೇ 7ರಂದು ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಿಂದ ಸ್ಟೈರೀನ್ ಸೋರಿ 12 ಜನ ಸತ್ತ ಮೇಲೆ ಹಸಿರು ನ್ಯಾಯಮಂಡಳಿ 50 ಕೋಟಿ ರೂಪಾಯಿ ಠೇವಣಿ ಇಡಲು ಹೇಳಿತು. ಅಂಥ ಹಣ ಯಾವ ಪ್ಲಾಸ್ಟಿಕ್ಕಿನ ಕಿಲೋ ದರದಲ್ಲೂ ಸೇರುವುದಿಲ್ಲ, ಸೇರಬಾರದು ಕೂಡ. ತಾಡಿಯ ಬಾವಿಯಂತೂ ಯಾರ ಪುಸ್ತಕದಲ್ಲೂ ಇಲ್ಲ.

2025ರ ಜನವರಿ 8ರಂದು ಪ್ರಧಾನಿ ಇದೇ ಅನಕಾಪಲ್ಲಿ ಜಿಲ್ಲೆಯ ನಕ್ಕಪಲ್ಲಿಯ ಬಲ್ಕ್ ಡ್ರಗ್ ಪಾರ್ಕಿಗೆ ವಿಶಾಖಪಟ್ಟಣದಿಂದಲೇ ಅಡಿಗಲ್ಲು ಹಾಕಿದರು. ಇಂಥ ಪಾರ್ಕುಗಳಲ್ಲಿ ಶುದ್ಧೀಕರಣ ಘಟಕಗಳಂಥ ಸಾಮೂಹಿಕ ಸೌಲಭ್ಯಕ್ಕೆ ಕೇಂದ್ರ ಒಂದು ಪಾರ್ಕಿಗೆ ಸಾವಿರ ಕೋಟಿವರೆಗೆ ನೆರವು ಕೊಡುತ್ತದೆ. ಘಟಕ ಅಗ್ಗವಾದಷ್ಟೂ ಅದರ ಬಿಲ್ಲನ್ನು ಔಷಧವಾರು ಬಿಡಿಸುವ ಉಮೇದು ಕಡಿಮೆಯಾಗುತ್ತದೆ ಎಂಬುದು ನನ್ನ ಅಂಜಿಕೆ. ನೀರಿನ ಪ್ರಮಾಣಕ್ಕೆ ಮಾತ್ರ ದರ ಹಾಕದೆ ಅದರ ಉಪ್ಪಿಗೂ ದರ ಹಾಕಿದರೆ ಕಾರ್ಖಾನೆಗಳೇ ಮೀಟರ್ ಹಾಕಿಕೊಳ್ಳುತ್ತವೆ.

ಈ ಕಥೆ ನಮ್ಮ ಗಡಿಯಾಚೆಗೆ ಮಾತ್ರ ಸೇರಿದ್ದಲ್ಲ. ಯಾದಗಿರಿಯ ಕಡೇಚೂರು-ಬಾಡಿಯಾಳದಲ್ಲಿ ಇಂಥವೇ ರಾಸಾಯನಿಕ, ಔಷಧ ಘಟಕಗಳು ನಡೆಯುತ್ತಿವೆ, ಸುತ್ತಲ ಹಳ್ಳಿಯವರು ದುರ್ವಾಸನೆಯ ದೂರು ಹೇಳುತ್ತಲೇ ಇದ್ದಾರೆ. ಅವುಗಳ ಪರಿಸರ ಅನುಮತಿಯ ಕಾಗದಗಳು ಕೇಂದ್ರದ ಪರಿವೇಶ್ ಜಾಲತಾಣದಲ್ಲಿ ಸಿಗುತ್ತವೆ. ಅಲ್ಲಿಯ ಓದುಗರು ಔಷಧವಾರು ಕಸದ ಕೋಷ್ಟಕವಿರುವ ಪುಟವನ್ನು ಮುದ್ರಿಸಿಕೊಂಡು, ಈಗ ಯಾವ ಔಷಧ ತಯಾರಾಗುತ್ತಿದೆ, ಅದರ ಗಸಿ ಎಷ್ಟು ಹೊರಟಿತು ಎಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಮಾಹಿತಿ ಹಕ್ಕಿನಡಿ ಕೇಳಬೇಕು.