ವಿಳಾಸವನ್ನು ಬಲಗಡೆಯಿಂದ ಓದಿರಿ

2019ರ ಮೇ ತಿಂಗಳಲ್ಲಿ ಲೋಕಸಭಾ ಚುನಾವಣೆಯ ಫಲಿತಾಂಶ ಬಂದ ಬಳಿಕ ವಾಟ್ಸಾಪಿನಲ್ಲಿ ಒಂದು ಸುದ್ದಿ ಹರಡಿತು. ಹೊಸ ಸರಕಾರವು 'ಮೇಕ್ ಇನ್ ಇಂಡಿಯಾ'ದ ಹೆಸರಿನಲ್ಲಿ 2 ಕೋಟಿ ಯುವಜನರಿಗೆ ಉಚಿತವಾಗಿ ಲ್ಯಾಪ್‌ಟಾಪ್ ಕೊಡಲಿದೆ, ಕೂಡಲೇ ಹೆಸರು ನೋಂದಾಯಿಸಿರಿ ಎಂಬುದೇ ಆ ಸುದ್ದಿ. ಜತೆಗೆ ಒಂದು ಜಾಲತಾಣದ ವಿಳಾಸವೂ ಇತ್ತು: modi-laptop.wishguruji.com. ಅಂತಹ ಯೋಜನೆಯೇ ಇರಲಿಲ್ಲ. ಜೂನ್ ತಿಂಗಳಲ್ಲಿ ದೆಹಲಿ ಪೊಲೀಸರು ಆ ತಾಣವನ್ನು ನಿರ್ಮಿಸಿದ ತರುಣನನ್ನು ಬಂಧಿಸಿದರು. ಜನ ಭೇಟಿ ಕೊಟ್ಟಷ್ಟೂ ಜಾಹೀರಾತಿನ ಹಣ ಬರುತ್ತದೆಂಬ ಆಸೆಯೇ ಇದಕ್ಕೆ ಕಾರಣವೆಂದು ಅವರು ತಿಳಿಸಿದರು. ಅಂದಮೇಲೆ ಸುದ್ದಿಯನ್ನು ಮುಂದೆ ಕಳುಹಿಸಿದವರೆಲ್ಲ ಸಂಬಳವಿಲ್ಲದೆ ಅವನಿಗೆ ದುಡಿದಂತಾಯಿತು!

ಆ ವಿಳಾಸವನ್ನು ಸರಿಯಾಗಿ ಓದಿದ್ದರೆ ಮೋಸ ಅಲ್ಲಿಯೇ ತಿಳಿಯುತ್ತಿತ್ತು. ನಮ್ಮ ಕಾಸರಗೋಡಿನ ಕಡೆ ಅಂಚೆಯ ವಿಳಾಸದಲ್ಲಿ ಮೊದಲು ಮನೆಯ ಹೆಸರು, ಕೊನೆಗೆ ಅಂಚೆ ಕಚೇರಿ, ಜಿಲ್ಲೆ ಬರುತ್ತವಷ್ಟೆ. ಮನೆಗೆ 'ಅರಮನೆ' ಎಂದು ಯಾರೂ ಹೆಸರಿಡಬಹುದು. ಅಂಚೆ ಕಚೇರಿಯನ್ನು ಮಾತ್ರ ಬದಲಿಸಲಾಗದು. ಜಾಲತಾಣದ ವಿಳಾಸವೂ ಹಾಗೆಯೇ. ಮೊದಲ ಒಂಟಿ ಓರೆಗೆರೆ (/) ಬರುವವರೆಗಿನ ಭಾಗವನ್ನು ಮಾತ್ರ ತೆಗೆದುಕೊಂಡು, ಬಲಗಡೆಯಿಂದ ಓದಬೇಕು. ಮೇಲಿನದರಲ್ಲಿ ಬಲತುದಿಯಲ್ಲಿರುವುದು wishguruji.com, ಅದೇ ಯಜಮಾನನ ಗುರುತು. modi-laptop ಎಂಬುದು ಬರಿಯ ಮನೆಯ ಹೆಸರು.

ಸರಕಾರದ ತಾಣಗಳು ಸಾಮಾನ್ಯವಾಗಿ gov.in ಅಥವಾ nic.in ಎಂದು ಕೊನೆಗೊಳ್ಳುತ್ತವೆ. ಇವು ಸರಕಾರಿ ಕಚೇರಿಗಳಿಗೆ ಮಾತ್ರ ಸಿಗುತ್ತವೆ. ಆದರೆ gov.in.example.com ಎಂದಿದ್ದರೆ ಅದು ಸರಕಾರದ್ದಲ್ಲ. Gov-in ಎಂದು ಚುಕ್ಕಿಯ ಬದಲು ಅಡ್ಡಗೆರೆ ಇದ್ದರೂ ಅಲ್ಲ. ಕಣ್ಣಿಗೆ ಕಾಣುವ ಅಕ್ಷರ ಒಂದು, ಒತ್ತಿದಾಗ ತೆರೆಯುವ ತಾಣ ಇನ್ನೊಂದು ಆಗುವುದೂ ಉಂಟು. ಆದುದರಿಂದ ಬಂದ ಕೊಂಡಿಯನ್ನು ಒತ್ತದೆ, myscheme.gov.in ಎಂದು ಸ್ವತಃ ಟೈಪು ಮಾಡಿ ಯೋಜನೆಯ ಹೆಸರನ್ನು ಹುಡುಕುವುದು ಲೇಸು. ಕೇಂದ್ರದ ಮತ್ತು ರಾಜ್ಯಗಳ ಅನೇಕ ಯೋಜನೆಗಳು ಅಲ್ಲಿವೆ. ಅಲ್ಲಿ ಕಾಣದಿದ್ದರೆ ಹತ್ತಿರದ ಅಕ್ಷಯ ಕೇಂದ್ರದಲ್ಲಿ ವಿಚಾರಿಸಬಹುದು.

ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ. ಸುದ್ದಿ ನಿಜವೇ ಆಗಿದ್ದು, ನಮಗೆ ಸಂಬಂಧಿಸದೆ ಇರಬಹುದು. ಕರ್ನಾಟಕದಲ್ಲಿ 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯನ್ನೇ ನೋಡಿರಿ. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಎಂಬುದು ಸುಳ್ಳಲ್ಲ. ಆದರೆ ಅದು ಕರ್ನಾಟಕದ ರೇಶನ್ ಕಾರ್ಡಿನಲ್ಲಿ ಯಜಮಾನಿಯೆಂದು ಹೆಸರಿರುವವರಿಗೆ. ಮಂಗಳೂರಿನ ನೆಂಟರು ಕಳುಹಿಸಿದ ಸುದ್ದಿಯನ್ನು ನಂಬಿ ಕೇರಳದ ಕಾರ್ಡು ಹಿಡಿದು ಹೊರಟ ತಾಯಂದಿರಿಗೆ ಬಸ್ಸಿನ ಖರ್ಚು ಮಾತ್ರ ಉಳಿದೀತು. ಅಂತಹ ಸುದ್ದಿ ಬಂದಾಗ ಯಾವ ರಾಜ್ಯ, ಯಾವ ವರ್ಷ, ಯಾವ ಕಾರ್ಡು ಎಂಬ ಮೂರನ್ನು ಅದರಲ್ಲೇ ಹುಡುಕಿರಿ. ಒಂದಾದರೂ ಕಾಣದಿದ್ದರೆ, ಕಳುಹಿಸಿದವರಿಗೇ ಮರಳಿ ಬರೆದು ಕೇಳಿರಿ.